ಘನರೂಪ ಪರಿವರ್ತನೆಯ ವೇಗ

ಘನವಸ್ತುವಿನೊಳಗೆ ಹಳೆಯ ಹರಳು ರಚನೆ ಅಳಿದು ಹೊಸದು ಬೆಳೆಯುವ ವೇಗದ ಅಧ್ಯಯನ. ಲೇತಿನ ಗೇರುಗಳಿಗೆ ಬಳಸುವಂಥ ಉಕ್ಕನ್ನು ಕಾಯಿಸಿ ತಣಿಸುವಾಗ ನಡೆಯುವುದು ಇಂಥದೇ ಪರಿವರ್ತನೆ. ಕೆಂಪಗೆ ಕಾದ ಉಕ್ಕಿನ ಆಸ್ಟೆನೈಟನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಅಲ್ಲೇ ಹಿಡಿದರೆ ಅದು ಪರ್ಲೈಟ್ ಆಗುತ್ತದೆ. ಮೊದಲು ಬೀಜಕಣಗಳು ಕಡಿಮೆಯಿರುವುದರಿಂದ ಬದಲಾವಣೆ ನಿಧಾನ; ನಡುವೆ ಬಿರುಸು; ಕೊನೆಗೆ ಬೆಳೆದ ಕಣಗಳು ಒಂದಕ್ಕೊಂದು ತಾಗಿ ಜಾಗವಿಲ್ಲದೆ ಮತ್ತೆ ನಿಧಾನ. ಹೀಗೆ ಕಾಲದ ಎದುರು ಬದಲಾದ ಅಂಶದ ರೇಖೆ S ಆಕಾರ ಪಡೆಯುತ್ತದೆ:

X = 1 − exp(−k tⁿ)

X ಎಂದರೆ ಬದಲಾದ ಅಂಶ, t ಎಂದರೆ ಕಾಲ. 10, 20, 30 ಸೆಕೆಂಡಿಗೆ ಶೇ. 8, 50, 90ರಷ್ಟು ಬದಲಾಗಿದೆ ಎನ್ನೋಣ. ln t ಎದುರು ln(−ln(1−X)) ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಸರಳರೇಖೆಯಲ್ಲಿ ಕೂರುತ್ತವೆ. ಅದರ ಇಳಿಜಾರು n ಸುಮಾರು 3; ಅರ್ಧ ಮುಗಿದ ಕಾಲದಿಂದ k = 0.693/20³, ಅಂದರೆ 8.7×10⁻⁵.

ಈ ಲೆಕ್ಕದಲ್ಲಿ ಎಡವುವುದು ತುದಿಗಳಲ್ಲಿ. X ಸೊನ್ನೆಗೋ ಒಂದಕ್ಕೋ ಹತ್ತಿರವಾದಾಗ ಅಳತೆಯ ಸಣ್ಣ ತಪ್ಪೂ ಲಾಗರಿದಮ್‌ನಲ್ಲಿ ಹಿಗ್ಗಿ ರೇಖೆಯನ್ನು ಓರೆಯಾಗಿಸುತ್ತದೆ. ಆದ್ದರಿಂದ ಮೂಲ ದತ್ತಾಂಶಕ್ಕೇ ನೇರವಾಗಿ ವಕ್ರರೇಖೆ ಹೊಂದಿಸುವುದು ಮೇಲು. k ಯ ಏಕಮಾನ n ಅನ್ನು ಅವಲಂಬಿಸಿರುವುದರಿಂದ, n ಬೇರೆಯಾದ ಎರಡು ಪ್ರಯೋಗಗಳ k ಗಳನ್ನು ಹೋಲಿಸಬಾರದು. ಅರ್ಧ ಮುಗಿಯುವ ಕಾಲಗಳನ್ನು ಹೋಲಿಸಬೇಕು.