ಗ್ರಂಥದಾಸ್ತಾನು ಪರಿಶೀಲನೆ

ಗ್ರಂಥಾಲಯದ ಪರಿಗ್ರಹಣ ವಹಿಯಲ್ಲಿ ದಾಖಲಾದ ಪ್ರತಿಯೊಂದು ಪುಸ್ತಕವೂ ಕಪಾಟಿನಲ್ಲಿಯೋ, ಓದುಗನ ಕೈಯಲ್ಲಿಯೋ, ರಟ್ಟುಕಟ್ಟುವವನ ಬಳಿಯಲ್ಲಿಯೋ ಇರುವುದೆಂಬುದನ್ನು ಒಂದೊಂದಾಗಿ ನೋಡಿ ನಿಶ್ಚಯಿಸುವ ಕಾರ್ಯ. ಭಾರತ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮದಂತೆ, 20,000 ಸಂಪುಟಗಳನ್ನು ಮೀರದ ಗ್ರಂಥಾಲಯದಲ್ಲಿ ಇದು ಪ್ರತಿವರ್ಷವೂ ಪೂರ್ಣವಾಗಿ ನಡೆಯತಕ್ಕದ್ದು; 50,000ದವರೆಗಿನ ಸಂಗ್ರಹಕ್ಕೆ ಮೂರು ವರ್ಷಗಳಿಗೊಮ್ಮೆಯಾದರೂ ಆಗಬೇಕು; ಅದಕ್ಕೂ ಮಿಗಿಲಾದಲ್ಲಿ ಮಾದರಿ ಪರಿಶೀಲನೆ ಸಾಕು, ಆದರೆ ಅಸಹಜವಾದ ಕೊರತೆ ಕಂಡರೆ ಪೂರ್ಣ ಪರಿಶೀಲನೆ ಅನಿವಾರ್ಯ.

ಮೊದಲ ಎಣಿಕೆಯಲ್ಲಿ ಸಿಗದ ಪುಸ್ತಕವನ್ನು ಕಳೆದುಹೋಯಿತೆಂದು ಕೂಡಲೇ ಬರೆಯುವುದು ಅವಸರದ ಕೆಲಸ. ವರ್ಗಾಂಕ ತಪ್ಪಾಗಿ ಓದಲ್ಪಟ್ಟು ಬೇರೆ ಸಾಲಿಗೆ ಸೇರಿದವು, ಹಿಂದಿರುಗಿದರೂ ಎರವಲು ದಾಖಲೆಯಿಂದ ಬಿಡುಗಡೆಯಾಗದವು, ದುರಸ್ತಿಗೆ ಹೋದವು ಇವೆಲ್ಲ ಎರಡನೆಯ ಶೋಧನೆಯಲ್ಲಿ ದೊರಕುವುದುಂಟು.

ಉಳಿದ ಕೊರತೆಗೂ ಅದೇ ನಿಯಮವು ಒಂದು ಮಿತಿಯನ್ನು ಕೊಡುತ್ತದೆ: ವರ್ಷದಲ್ಲಿ ಎರವಲಾದ ಅಥವಾ ಪರಾಮರ್ಶಿಸಲ್ಪಟ್ಟ ಸಾವಿರ ಸಂಪುಟಗಳಿಗೆ ಐದರ ನಷ್ಟವು, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯದಿಂದ ಆದುದಲ್ಲವಾದರೆ, ಸಹಜವೆಂದು ಪರಿಗಣಿತ. 12,000 ಸಂಪುಟಗಳು ಬಳಕೆಯಾದ ವರ್ಷವೊಂದರಲ್ಲಿ ಮೊದಲಿಗೆ 74 ಕಾಣದೆ, ಮರುಶೋಧನೆಯಲ್ಲಿ 22 ದೊರೆತುವೆಂದು ಭಾವಿಸಿದರೆ, ಉಳಿದ 52 ಅನುಮತವಾದ 60ರ ಒಳಗಿರುವುದರಿಂದ, ಪಟ್ಟಿಯನ್ನು ಅಧಿಕಾರವುಳ್ಳವರ ಮುಂದಿರಿಸಿ ವಜಾ ಮಾಡಿಸಬಹುದು. ಆದರೆ ಅವುಗಳಲ್ಲೊಂದು ಸಾವಿರ ರೂಪಾಯಿ ಮೀರಿದ ಬೆಲೆಯದಾಗಿದ್ದರೆ, ಅಥವಾ ಬೆಲೆ ಎಷ್ಟೇ ಇರಲಿ ದುರ್ಲಭ ಗ್ರಂಥವಾಗಿದ್ದರೆ, ತನಿಖೆಯಿಲ್ಲದೆ ಬಿಡುವಂತಿಲ್ಲ. ಇದು ನಿಯಮದ ಅತ್ಯಂತ ವಿವೇಕಯುತವಾದ ಭಾಗ. ಎರವಲು ಪಡೆದವನು ಕಳೆದುದನ್ನು ಅವನಿಂದಲೇ ವಸೂಲು ಮಾಡಬೇಕಾದುದರಿಂದ ಅದನ್ನು ಈ ಲೆಕ್ಕದಲ್ಲಿ ಬೆರೆಸಲಾಗದು.

ಗೆದ್ದಲು ತಿಂದ ಅಥವಾ ಪುಟ ಹರಿದ ಪ್ರತಿಯನ್ನು ಬೇರೆ ಪಟ್ಟಿಯಲ್ಲಿ ಬರೆದು, ರಟ್ಟು ಕಟ್ಟಿಸಿದರೆ ಉಳಿಯುವುದೇ, ಬೇರೆ ಪ್ರತಿ ಸಿಗುವುದೇ ಎಂದು ನೋಡಿದ ಬಳಿಕವೇ ತೆಗೆಯತಕ್ಕದ್ದು. ವಜಾ ಆದ ಪುಸ್ತಕದ ಪರಿಗ್ರಹಣ ಸಂಖ್ಯೆಯನ್ನು ಅಳಿಸದೆ, ಅದರ ಎದುರಿಗೆ ಆದೇಶದ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದು, ಸೂಚಿಯಿಂದ ಮಾತ್ರ ನಮೂದನ್ನು ತೆಗೆಯುತ್ತಾರೆ.