ಮುಳುಗದ ಸೂರ್ಯ, ಗಡಿಯಾರದ ರಾತ್ರಿ: ಟ್ರೊಮ್ಸೊ ಪಟ್ಟಣದ ಬೇಸಿಗೆ ದಿನಚರಿ ಕುರಿತು ಒಂದು ಟಿಪ್ಪಣಿ

ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಜುಲೈ ಕೊನೆಯ ಭಾಗದವರೆಗೆ ಸೂರ್ಯ ಮುಳುಗುವುದಿಲ್ಲ. ಇಂಥ ಊರುಗಳ ಬಗ್ಗೆ ಬರೆಯುವವರು ಅಲ್ಲಿ ಹಗಲು ರಾತ್ರಿಯ ಭೇದವೇ ಇರುವುದಿಲ್ಲ, ಜನ ತೋಚಿದಾಗ ಮಲಗಿ ತೋಚಿದಾಗ ಏಳುತ್ತಾರೆ ಎಂದು ಚಿತ್ರಿಸುವುದುಂಟು. ಈ ಚಿತ್ರ ಎರಡು ಕಡೆ ತಪ್ಪುತ್ತದೆ. ಆಕಾಶದಲ್ಲಿ ಭೇದ ಇದ್ದೇ ಇದೆ. ಊರಿನಲ್ಲಂತೂ ಅದು ಇನ್ನೂ ಖಚಿತವಾಗಿದೆ.

ಮೊದಲು ಆಕಾಶದ ಮಾತು. ಟ್ರೊಮ್ಸೊ ಸುಮಾರು 69.65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರಂದು ಅಲ್ಲಿ ಸೂರ್ಯ ಅತಿ ಹೆಚ್ಚೆಂದರೆ 44 ಡಿಗ್ರಿಯಷ್ಟು ಏರುತ್ತಾನೆ, ಅತಿ ಕಡಿಮೆಯೆಂದರೆ 3 ಡಿಗ್ರಿಗೆ ಇಳಿಯುತ್ತಾನೆ. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುವುದರಿಂದ ಅವನು ನೇರ ದಕ್ಷಿಣಕ್ಕೆ ಬರುವುದು ಸುಮಾರು ಹನ್ನೆರಡೂ ಮುಕ್ಕಾಲಿಗೆ. ರಾತ್ರಿ ಅಷ್ಟೇ ಹೊತ್ತಿಗೆ ನೇರ ಉತ್ತರದಲ್ಲಿ, ಕಡಲಿಗೂ ಗುಡ್ಡಗಳಿಗೂ ತಾಗುವಂತೆ ಕಾಣುತ್ತಾನೆ. ಅಂದರೆ ಬೆಳಕು ಕಣ್ಮರೆಯಾಗದಿದ್ದರೂ ಅದರ ದಿಕ್ಕು, ಕಾವು, ಬಣ್ಣ ದಿನವಿಡೀ ಬದಲಾಗುತ್ತಲೇ ಇರುತ್ತವೆ. ಇದರಿಂದ ಮನೆಯೊಳಗೆ ಒಂದು ವಿಚಿತ್ರ ಪರಿಣಾಮವಾಗುತ್ತದೆ. ಮಲಗುವ ಕೋಣೆಯ ಕಿಟಕಿ ಉತ್ತರಕ್ಕಿದ್ದು ಎದುರಿಗೆ ಗುಡ್ಡವಿಲ್ಲದಿದ್ದರೆ ನಡುರಾತ್ರಿಯ ಬಿಸಿಲು ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಒಳನುಗ್ಗಿ ಎದುರುಗೋಡೆಯವರೆಗೂ ಚಾಚುತ್ತದೆ. ದಕ್ಷಿಣದ ಕೋಣೆಗೆ ಆ ಹೊತ್ತಿನಲ್ಲಿ ನೆರಳಿರುತ್ತದೆ. ಬೆಳಕು ತೂರದ ದಪ್ಪ ಪರದೆ ಇಂಥ ಮನೆಗೆ ತೀರ ಅಗತ್ಯ. ಅದರಲ್ಲೂ ಪರದೆಯ ಅಂಚಿಗೂ ಚೌಕಟ್ಟಿಗೂ ನಡುವೆ ಸಂದು ಉಳಿದರೆ ಅಷ್ಟರಿಂದಲೇ ಕೋಣೆ ಬೆಳಗುತ್ತದೆ. ಹಾಗಾಗಿ ಪರದೆಯನ್ನು ಕಿಟಕಿಗಿಂತ ಅಗಲವಾಗಿ, ಗೋಡೆಗೆ ಒತ್ತಿಕೊಳ್ಳುವಂತೆ ಕಟ್ಟಬೇಕಾಗುತ್ತದೆ.

ಊರಿನ ದಿನವನ್ನು ಕಟ್ಟುವುದು ಮಾತ್ರ ಸೂರ್ಯನಲ್ಲ, ಗಂಟೆಗಳ ಒಂದು ಸಾಲು. ಕಚೇರಿ ಕೆಲಸ ಸಾಮಾನ್ಯವಾಗಿ ಬೆಳಿಗ್ಗೆ ಎಂಟಕ್ಕೆ ತೊಡಗಿ ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ದಿನದ ಮುಖ್ಯ ಬಿಸಿಯೂಟ ಅದರ ಬೆನ್ನಿಗೇ ನಡೆಯುತ್ತದೆ. ಅಂಗಡಿಗಳಲ್ಲಿ ಬಿಯರ್ ಮಾರಾಟ ವಾರದ ದಿನಗಳಲ್ಲಿ ರಾತ್ರಿ ಎಂಟರ ನಂತರ, ಶನಿವಾರ ಸಂಜೆ ಆರರ ನಂತರ ಕಾನೂನಿನಂತೆ ನಿಲ್ಲಬೇಕು. ಅನೇಕ ವಸತಿ ಕಟ್ಟಡಗಳ ನಿಯಮಾವಳಿಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಸದ್ದು ಮಾಡಬಾರದೆಂದಿರುತ್ತದೆ. ನಾರ್ವೆಯ ಕಾರ್ಮಿಕ ಕಾನೂನು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗಿನ ದುಡಿಮೆಯನ್ನು ರಾತ್ರಿಪಾಳಿಯೆಂದು ಎಣಿಸುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹನ್ನೊಂದು ಗಂಟೆಯ ಬಿಡುವು ಸಿಗಬೇಕೆಂದು ಸಾಮಾನ್ಯ ನಿಯಮ ಹಾಕುತ್ತದೆ. ಈ ನಿಯಮಗಳಲ್ಲಿ ಎಲ್ಲಿಯೂ ಕತ್ತಲೆಯ ಪ್ರಸ್ತಾಪವಿಲ್ಲ. ಓಸ್ಲೋದಲ್ಲಿ ಇರುವ ರಾತ್ರಿಯೇ ಟ್ರೊಮ್ಸೊದಲ್ಲೂ ಕಾನೂನಿನ ರಾತ್ರಿ. ಬಿಸಿಲಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಲು ರಾತ್ರಿ ಹನ್ನೊಂದೂವರೆಗೆ ಮನಸ್ಸಾದರೂ ಪಕ್ಕದ ಮನೆಯವರ ಪಾಲಿಗೆ ಅದು ನಡುರಾತ್ರಿಯೇ.

ಈ ಕಟ್ಟು ಎಷ್ಟು ಬಿಗಿ ಎಂಬುದು ಅದು ಸಡಿಲವಾಗುವ ಹೊತ್ತಿನಲ್ಲಿ ತಿಳಿಯುತ್ತದೆ. ಶಾಲಾವರ್ಷ ಮುಗಿಯುವುದು ಜೂನ್ 20ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ, ಅಂದರೆ ಮುಳುಗದ ಸೂರ್ಯನ ಮೊದಲ ಒಂದು ತಿಂಗಳು, ಮಕ್ಕಳನ್ನು ಶಾಲೆಯ ಹೊತ್ತಿಗೆ ಎಬ್ಬಿಸಲೇಬೇಕು. ಜುಲೈನಲ್ಲಿ ಶಾಲೆ ಇಲ್ಲ, ಅನೇಕ ಕಾರ್ಖಾನೆ ಕಚೇರಿಗಳಿಗೂ ಸಾಮೂಹಿಕ ರಜೆ. ಬೆಳಕು ಎರಡೂ ಅವಧಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಮನೆಯ ವೇಳಾಪಟ್ಟಿ ಜಾರಲು ಎಡೆಯಾಗುವುದು ಈ ಎರಡನೆಯ ಅವಧಿಯಲ್ಲಿ. ನಿದ್ದೆ ಕೆಟ್ಟಿತೆಂದು ಬೆಳಕನ್ನಷ್ಟೇ ದೂರುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಜಾರುವುದಾದರೂ ಹೇಗೆ? ಮನುಷ್ಯದೇಹದ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹೊರಗಿನಿಂದ ತಿದ್ದುಪಡಿ ಸಿಗದಿದ್ದರೆ ಅದು ವಾರಕ್ಕೆ ಒಂದು ಗಂಟೆಗೂ ಹೆಚ್ಚು ಹಿಂದೆ ಬೀಳಬಹುದು. ತಿದ್ದುವ ಮುಖ್ಯ ಶಕ್ತಿ ಬೆಳಕು, ಆದರೆ ಅದರ ಕೆಲಸ ಹೊತ್ತಿಗೆ ತಕ್ಕಂತೆ ತಿರುವುಮುರುವಾಗುತ್ತದೆ. ಬೆಳಗಿನ ಬೆಳಕು ಒಳಗಡಿಯಾರವನ್ನು ಮುಂದಕ್ಕೆ ತರುತ್ತದೆ, ತಡರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ಒಂದು ಕಲ್ಪಿತ ಉದಾಹರಣೆ ನೋಡೋಣ. ಒಬ್ಬರು ವಾರದ ದಿನಗಳಲ್ಲಿ ರಾತ್ರಿ ಹನ್ನೊಂದೂವರೆಗೆ ಮಲಗಿ ಆರೂವರೆಗೆ ಏಳುತ್ತಾರೆ. ಅವರ ನಿದ್ದೆಯ ನಡುಬಿಂದು ಮೂರು ಗಂಟೆ. ವಾರಾಂತ್ಯದಲ್ಲಿ ಬಿಸಿಲಿನಲ್ಲಿ ಅಡ್ಡಾಡಿ ಎರಡೂವರೆಗೆ ಮಲಗುತ್ತಾರೆ, ದಪ್ಪ ಪರದೆ ಎಳೆದುಕೊಂಡು ಹತ್ತೂವರೆಗೆ ಏಳುತ್ತಾರೆ. ಈಗ ನಡುಬಿಂದು ಆರೂವರೆ. ತಡರಾತ್ರಿ ಬೆಳಕನ್ನು ಕುಡಿದು, ಮುಂಜಾವಿನ ಬೆಳಕನ್ನು ಪರದೆಯಿಂದ ತಡೆದದ್ದರಿಂದ ಎರಡೂ ಕಡೆಯ ಒತ್ತಡ ಒಂದೇ ದಿಕ್ಕಿಗೆ ಬಿದ್ದಿದೆ. ಸೋಮವಾರ ಆರೂವರೆಗೆ ಅಲಾರಂ ಹೊಡೆದಾಗ ಅವರ ದೇಹ ಇನ್ನೂ ರಾತ್ರಿಯ ನಡುವಿನಲ್ಲಿರುತ್ತದೆ. ನಡುಬಿಂದುಗಳ ಈ ಅಂತರವನ್ನು ಬರೆದಿಟ್ಟುಕೊಂಡರೆ ಜಾರುವಿಕೆಯ ಅಳತೆ ಯಾರಿಗಾದರೂ ಸಿಗುತ್ತದೆ. ಪರದೆಯನ್ನು ಎಳೆಯುವಷ್ಟೇ ನಿಯಮವಾಗಿ ಬೆಳಿಗ್ಗೆ ಸರಿಸಲೂಬೇಕು ಎಂಬ ಮಾತಿಗೆ ಕಾರಣ ಇದೇ.

ಹಾಗಾದರೆ ಗಡಿಯಾರ ಹೇಳಿದ್ದಕ್ಕೆಲ್ಲ ದೇಹ ತಲೆಬಾಗುತ್ತದೆಯೇ? ಇದಕ್ಕೆ ಉತ್ತರಿಸಿದ ಪ್ರಯೋಗ ಟ್ರೊಮ್ಸೊದಿಂದ ಇನ್ನೂ ಉತ್ತರಕ್ಕೆ, ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ 1950ರ ದಶಕದಲ್ಲಿ ನಡೆಯಿತು. ಮೇರಿ ಲಾಬನ್ ಮತ್ತು ಪಿ.ಆರ್. ಲೂಯಿಸ್ ಎಂಬ ಬ್ರಿಟಿಷ್ ಶರೀರಶಾಸ್ತ್ರಜ್ಞರು ಸ್ವಯಂಸೇವಕರನ್ನು ಅಲ್ಲಿಯ ಬೇಸಿಗೆಗೆ ಕರೆದೊಯ್ದರು. ಅವರಿಗೆ ಕೊಟ್ಟ ಕೈಗಡಿಯಾರಗಳ ವೇಗವನ್ನು ಬದಲಿಸಲಾಗಿತ್ತು. ಕೆಲವರ ಗಡಿಯಾರ 21 ಗಂಟೆಗೆ ಒಂದು ದಿನ ಮುಗಿಸುತ್ತಿತ್ತು, ಕೆಲವರದು 27 ಗಂಟೆಗೆ. ಹೊರಗೆ ಕತ್ತಲಾಗದ ಕಾರಣ ಅವರು ಅದನ್ನೇ ಅನುಸರಿಸಿ ಉಂಡು ಮಲಗಿ ಎದ್ದು ಬದುಕಿದರು. ಮೊದಲ ಗುಂಪಿನವರು ಏಳು ನಿಜದಿನಗಳಲ್ಲಿ ಎಂಟು ದಿನ ಕಳೆಯುತ್ತಿದ್ದರು. ದಿನಚರಿ ಗಡಿಯಾರಕ್ಕೆ ಹೊಂದಿಕೊಂಡಿತು, ದೇಹದ ಉಷ್ಣತೆಯ ಏರಿಳಿತವೂ ಬಹುಮಟ್ಟಿಗೆ ಹೊಂದಿಕೊಂಡಿತು. ಆದರೆ ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹೋಗುವ ಲಯ ಹಲವರಲ್ಲಿ 24 ಗಂಟೆಯನ್ನು ಬಿಡಲೇ ಇಲ್ಲ. 1957ರಲ್ಲಿ ಪ್ರಕಟವಾದ ಈ ಫಲಿತಾಂಶದ ತೂಕ ದೊಡ್ಡದು: ಒಂದೇ ದೇಹದೊಳಗೆ ಎರಡು ಲಯ ಬೇರೆ ಬೇರೆ ನಡೆಯಬಲ್ಲವು. ಪಟ್ಟಣ ಹೊರಗಿನ ಗಂಟೆಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು ಎಂಬ ನಂಬಿಕೆಗೆ ಇದು ಗಡಿ ಹಾಕುತ್ತದೆ.

ಸ್ಪಿಟ್ಸ್‌ಬರ್ಗನ್ ಇರುವ ದ್ವೀಪಸಮೂಹದ ಹಿಮಸಾರಂಗಗಳು ಬೇರೆ ದಾರಿ ಹಿಡಿದಿವೆ. ಟ್ರೊಮ್ಸೊ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವು ಬೇಸಿಗೆಯ ನಿರಂತರ ಬೆಳಕಿನಲ್ಲಿಯೂ ಚಳಿಗಾಲದ ನಿರಂತರ ಕತ್ತಲಿನಲ್ಲಿಯೂ 24 ಗಂಟೆಯ ಲಯವನ್ನು ಬಿಟ್ಟು, ಮೇಯುವುದು ವಿಶ್ರಮಿಸುವುದನ್ನು ದಿನವಿಡೀ ಬಿಡಿಬಿಡಿಯಾಗಿ ಹಂಚಿಕೊಳ್ಳುತ್ತವೆ. ಅವುಗಳಿಗೆ ಅಂಗಡಿ, ಶಾಲೆ, ಪಾಳಿಗಳಿಲ್ಲ.

ಇದೇ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಠಾಣೆ ಇದೆ. ಅಲ್ಲಿಗೆ ಹೋಗುವ ನಮ್ಮ ವಿಜ್ಞಾನಿಗಳ ದಿನಕ್ಕೂ ಗೂಟ ಹೊಡೆಯುವುದು ಎಲ್ಲ ದೇಶದವರೂ ಒಟ್ಟಿಗೆ ಉಣ್ಣುವ ಭೋಜನಶಾಲೆಯ ನಿಗದಿತ ವೇಳೆ.

ಕೊನೆಯದಾಗಿ ಒಂದು ಸುದ್ದಿಯನ್ನು ಪರಿಶೀಲಿಸಬೇಕಿದೆ. 2019ರಲ್ಲಿ ಟ್ರೊಮ್ಸೊದ ಪಶ್ಚಿಮಕ್ಕಿರುವ ಸೊಮ್ಮಾರೊಯ್ ದ್ವೀಪದ ಜನ ಗಡಿಯಾರವನ್ನೇ ರದ್ದುಮಾಡಲು ಕೇಳಿದ್ದಾರೆಂದು ಜಗತ್ತಿನಾದ್ಯಂತ ವರದಿಯಾಯಿತು. ಸೇತುವೆಗೆ ಕಟ್ಟಿದ ಕೈಗಡಿಯಾರಗಳ ಚಿತ್ರಗಳೂ ಬಂದವು. ಅದು ಸರ್ಕಾರಿ ಒಡೆತನದ ಇನ್ನೋವೇಷನ್ ನಾರ್ವೆ ಸಂಸ್ಥೆ ಹಣ ಹೂಡಿದ ಪ್ರವಾಸಿ ಪ್ರಚಾರವೆಂದು ಕೆಲವೇ ದಿನಗಳಲ್ಲಿ ಬಯಲಾಯಿತು, ಸಂಸ್ಥೆ ಕ್ಷಮೆ ಕೇಳಿತು. ಈ ಸುದ್ದಿ ಇನ್ನೂ ಅಲ್ಲಲ್ಲಿ ಸತ್ಯವೆಂಬಂತೆ ಉಲ್ಲೇಖವಾಗುತ್ತಿದೆ. ಉತ್ತರದ ಊರುಗಳು ಬೇಸಿಗೆಯಲ್ಲಿ ಗಡಿಯಾರವಿಲ್ಲದೆ ಬದುಕುತ್ತವೆ ಎಂಬುದಕ್ಕೆ ಅದನ್ನು ಆಧಾರವಾಗಿ ಬಳಸಬಾರದು.