ಬತ್ತಲೆಯ ಕನಸು ಮತ್ತು ಬಚ್ಚಿಟ್ಟ ಪತ್ರ

ಜನ ತುಂಬಿದ ಬೀದಿ. ನಡುವೆ ನಡೆದು ಹೋಗುತ್ತಿರುವವನಿಗೆ ಇದ್ದಕ್ಕಿದ್ದಂತೆ ತನ್ನ ಮೈಮೇಲೆ ಬಟ್ಟೆಯಿಲ್ಲವೆಂಬುದು ಅರಿವಾಗುತ್ತದೆ. ಓಡಿ ಮರೆಯಾಗಬೇಕೆಂದರೆ ಕಾಲು ಏಳದು. ಬೆವೆತು ಎಚ್ಚೆತ್ತು, ಹಾಸಿಗೆಯಲ್ಲೇ ಇದ್ದೇನೆಂದು ತಿಳಿದಾಗ ಬರುವ ನಿಟ್ಟುಸಿರು ಅನೇಕರಿಗೆ ಪರಿಚಿತ. ಹಾರುವ ಕನಸು, ಬೀಳುವ ಕನಸು, ಪರೀಕ್ಷೆಗೆ ತಡವಾದ ಕನಸುಗಳಂತೆ ಇದೂ ದೇಶ ಭಾಷೆಗಳ ಹಂಗಿಲ್ಲದೆ ಬರುವ ಕನಸು.

ನಮ್ಮ ಹಿಂದಿನವರು ಇದನ್ನು ಶಕುನವಾಗಿ ಕಂಡರು. ಅಗ್ನಿಪುರಾಣದಲ್ಲಿ ಸ್ವಪ್ನಗಳ ಶುಭಾಶುಭವನ್ನು ಹೇಳುವ ಅಧ್ಯಾಯವೊಂದಿದೆ. ತಲೆ ಬೋಳಿಸಿಕೊಂಡದ್ದು, ಕೊಳಕು ಬಟ್ಟೆ ಉಟ್ಟದ್ದು ಇವುಗಳ ಜೊತೆಗೆ ಬತ್ತಲಾಗಿರುವುದೂ ಅಲ್ಲಿನ ಅಶುಭದ ಪಟ್ಟಿಯಲ್ಲಿ ಸೇರಿದೆ. ಇಂಥ ಗ್ರಂಥಗಳ ಲಕ್ಷ್ಯವೆಲ್ಲ ಮುಂದೆ ಏನಾದೀತು ಎಂಬುದರತ್ತ. ಕನಸು ಕಂಡವನಿಗೆ ನಾಚಿಕೆಯಾಯಿತೇ, ಸುತ್ತಲಿದ್ದವರು ಏನು ಮಾಡಿದರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. 19ನೆಯ ಶತಮಾನದ ಯೂರೋಪಿನ ಕೆಲವು ವಿದ್ವಾಂಸರದು ಇನ್ನೂ ಸರಳವಾದ ಉತ್ತರ: ನಿದ್ದೆಯಲ್ಲಿ ಹೊದಿಕೆ ಜಾರಿ ಮೈಗೆ ಚಳಿ ತಾಕಿದರೆ ಬತ್ತಲೆಯ ಕನಸು ಬೀಳುತ್ತದೆ, ಅಷ್ಟೆ.

ನಾಚಿಕೆಯನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡವನು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಆತನ 'ಕನಸುಗಳ ಅರ್ಥವಿವರಣೆ' ಎಂಬ ಜರ್ಮನ್ ಗ್ರಂಥ 1899ರ ನವೆಂಬರಿನಲ್ಲಿ ಹೊರಬಂತು. ಪ್ರಕಾಶಕರು ಮುಖಪುಟದಲ್ಲಿ ಹೊಸ ಶತಮಾನದ ವರ್ಷವಾದ 1900ನ್ನು ಅಚ್ಚು ಹಾಕಿಸಿದ್ದರು. ಮೊದಲು ಮುದ್ರಿಸಿದ 600 ಪ್ರತಿಗಳು ಖರ್ಚಾಗಲು ಎಂಟು ವರ್ಷ ಹಿಡಿಯಿತು.

ಬತ್ತಲೆಯ ಕನಸಿನ ಬಗ್ಗೆ ಫ್ರಾಯ್ಡ್ ಅದರಲ್ಲಿ ಎರಡು ಸಂಗತಿಗಳನ್ನು ಗುರುತಿಸಿದ. ಮೊದಲನೆಯದು, ಈ ಕನಸಿನಲ್ಲಿ ಬತ್ತಲೆ ಎಂಬುದು ನಿಜವಾಗಿ ಬತ್ತಲೆಯೇ ಆಗಿರಬೇಕಿಲ್ಲ. ಕೇಳಿದರೆ ಅನೇಕರು 'ಒಳಬಟ್ಟೆ ಇತ್ತೋ ಏನೋ' ಎಂದು ತಡವರಿಸುತ್ತಾರೆ. ಚಕ್ರವರ್ತಿಯ ಸೇನೆಯಲ್ಲಿದ್ದವನಿಗಾದರೆ, ಸೊಂಟದಲ್ಲಿ ಕತ್ತಿಯಿಲ್ಲದೆ ಬೀದಿಯಲ್ಲಿದ್ದೇನೆ, ಎದುರಿಗೆ ಅಧಿಕಾರಿಗಳು ಬರುತ್ತಿದ್ದಾರೆ ಎಂಬ ಕನಸೇ ಸಾಕು. ಅವನ ಪಾಲಿಗೆ ಅದೇ ಬತ್ತಲೆ. ಎಂದರೆ ಕನಸಿನಲ್ಲಿ ಕಳಚಿಹೋಗುವುದು ಬರಿಯ ಬಟ್ಟೆಯಲ್ಲ, ನಾಲ್ಕು ಜನರೆದುರು ನಮ್ಮನ್ನು ನಿಲ್ಲಿಸುವ ಗುರುತು.

ಎರಡನೆಯದು ಇನ್ನೂ ವಿಚಿತ್ರ. ಕನಸು ಕಾಣುವವನು ನಾಚಿಕೆಯಿಂದ ಕುಗ್ಗಿಹೋಗಿದ್ದರೂ ಸುತ್ತಲಿನವರು ಅವನನ್ನು ಗಮನಿಸುವುದೇ ಇಲ್ಲ. ಅವರು ಗುರುತು ಸಿಗದ ಅಪರಿಚಿತರು. ನಗುವುದಿಲ್ಲ, ಬೆರಳು ತೋರಿಸುವುದಿಲ್ಲ. ನಿಜಜೀವನದಲ್ಲಿ ಹಾಗಾದೀತೇ? ಇಲ್ಲಿ ಫ್ರಾಯ್ಡನಿಗೆ ನೆನಪಾದದ್ದು ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ, ನಮ್ಮ ಮಕ್ಕಳೂ ಬಲ್ಲ ಕಥೆ. ಇಲ್ಲದ ಬಟ್ಟೆಯನ್ನು ತೊಟ್ಟು ಅರಸ ಮೆರವಣಿಗೆ ಹೊರಟರೂ ಜನ ಕಾಣದವರಂತೆ ಸುಮ್ಮನಿರುತ್ತಾರೆ. ಅರ್ಥವಾಗದ ಈ ಕನಸಿಗೆ ಒಂದು ಕಾರಣ ಹೊಂದಿಸಿದರೆ ಹುಟ್ಟುವ ಕಥೆ ಅದೇ ಎಂಬುದು ಆತನ ಊಹೆ.

ಫ್ರಾಯ್ಡ್ ಕೊಟ್ಟ ವಿವರಣೆಯ ಸಾರ ಇಷ್ಟು. ಎಳೆಯ ಮಗು ಬರಿಮೈಯಲ್ಲಿ ಓಡಾಡುತ್ತದೆ. ಅದಕ್ಕೆ ನಾಚಿಕೆಯಿಲ್ಲ, ಬದಲಿಗೆ ಸಂತೋಷವಿದೆ. ದೊಡ್ಡವರು ಗದರಿಸಿ ಬಟ್ಟೆ ತೊಡಿಸುತ್ತಾರೆ. ತೋರಿಸಿಕೊಳ್ಳುವ ಆ ಹಳೆಯ ಸಂತೋಷ ಮನಸ್ಸಿನ ತಳಕ್ಕೆ ಇಳಿಯುತ್ತದೆ, ಆದರೆ ಅಳಿಯುವುದಿಲ್ಲ. ರಾತ್ರಿ ಅದು ಮೇಲೇಳುತ್ತದೆ. ಅದನ್ನು ತಡೆಯುವ ಮನಸ್ಸು ನಾಚಿಕೆಯಾಗಿ ಎದುರು ನಿಲ್ಲುತ್ತದೆ. ಮುಂದೆ ಹೋಗು ಎನ್ನುವುದು ಒಂದು, ಬೇಡ ಎನ್ನುವುದು ಇನ್ನೊಂದು. ಇವೆರಡರ ಜಗ್ಗಾಟದಲ್ಲಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ.

ಈ ಕನಸಿಗೆ ಫ್ರಾಯ್ಡ್ ಕೊಟ್ಟ ಮುಖ್ಯ ಉದಾಹರಣೆ ಸ್ವಂತದ್ದು. ಪುಸ್ತಕದಲ್ಲಿ ಅದು ಹೀಗಿದೆ: ಅರೆಬರೆ ಬಟ್ಟೆಯಲ್ಲಿ ಕೆಳಗಿನ ಮನೆಯಿಂದ ಮೇಲಕ್ಕೆ ಹೊರಟಿದ್ದಾನೆ. ಒಂದೇ ಹೆಜ್ಜೆಗೆ ಮೂರು ಮೆಟ್ಟಿಲು ಹತ್ತುತ್ತಾ ತನ್ನ ಚುರುಕಿಗೆ ತಾನೇ ಹಿಗ್ಗುತ್ತಿದ್ದಾನೆ. ಅಷ್ಟರಲ್ಲಿ ಕೆಲಸದವಳೊಬ್ಬಳು ಮೇಲಿನಿಂದ ಇಳಿದು ಬರುತ್ತಾಳೆ. ನಾಚಿಕೆಯಿಂದ ಬೇಗ ಹೋಗಬೇಕೆಂದುಕೊಳ್ಳುತ್ತಾನೆ. ಕಾಲು ಮೆಟ್ಟಿಲಿಗೆ ಅಂಟಿಬಿಡುತ್ತದೆ.

ಇದರ ಹಿಂದಿನ ನಿಜಸಂಗತಿಗಳನ್ನು ಆತನೇ ಬಿಡಿಸಿಟ್ಟಿದ್ದಾನೆ. ರೋಗಿಗಳನ್ನು ನೋಡುವ ಕೊಠಡಿ ಕೆಳಗೆ, ಸಂಸಾರ ಮೇಲೆ. ನಡುವೆ ಇದ್ದುದು ಇತರ ಬಾಡಿಗೆದಾರರೂ ಬಳಸುವ ಮೆಟ್ಟಿಲು. ಹಿಂದಿನ ರಾತ್ರಿ ಕೆಲಸ ಮುಗಿಸಿ, ಕಾಲರು, ಟೈ, ತೋಳಿನ ಕಫ್ ಕಳಚಿ ಆತ ಮೇಲೆ ಹೋಗಿದ್ದ. ಆಗಿನ ಷರ್ಟಿಗೆ ಕಾಲರು, ಕಫ್‌ಗಳನ್ನು ಬೇರೆಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಅವಿಲ್ಲದೆ ಗೃಹಸ್ಥನು ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. ಕನಸು ಆ ಇಷ್ಟನ್ನು ಅರೆಬತ್ತಲೆಯಾಗಿ ದೊಡ್ಡದು ಮಾಡಿತು.

ಆದರೆ ಕನಸಿನ ಮೆಟ್ಟಿಲು ಆತನ ಮನೆಯದಲ್ಲ. ದಿನಕ್ಕೆರಡು ಬಾರಿ ಇಂಜೆಕ್ಷನ್ ಕೊಡಲು ಹೋಗುತ್ತಿದ್ದ ವೃದ್ಧೆಯೊಬ್ಬರ ಮನೆಯದು. ಬೆಳಿಗ್ಗೆ ಅಲ್ಲಿ ಹತ್ತುವಾಗ ಆತನಿಗೆ ಕೆಮ್ಮು ಬರುತ್ತಿತ್ತು. ಪೀಕದಾನಿ ಇಲ್ಲದ್ದರಿಂದ ಮೆಟ್ಟಿಲ ಮೇಲೇ ಉಗುಳುತ್ತಿದ್ದ. ಕಟ್ಟಡ ಕಾಯುವ ಹೆಂಗಸು ಇದನ್ನು ಹಿಡಿಯಲೆಂದೇ ಕಾದಿದ್ದು ಗೊಣಗುತ್ತಿದ್ದಳು. ಕನಸಿನ ಹಿಂದಿನ ದಿನ ಮನೆಯ ಕೆಲಸದವಳೂ ಬಾಯಿ ಹಾಕಿದಳು: ಬೂಟು ಒರೆಸಿಕೊಳ್ಳದೆ ಬಂದು ಡಾಕ್ಟರು ಕೆಂಪು ರತ್ನಗಂಬಳಿಯನ್ನು ಮತ್ತೆ ಕೊಳೆ ಮಾಡಿದರು ಎಂದು. ಮೆಟ್ಟಿಲಲ್ಲಿ ಇಳಿದು ಬಂದವಳು ಈಕೆಯೇ. ಎಳವೆಯಲ್ಲಿ ತನ್ನನ್ನು ಶುಚಿಯ ವಿಷಯದಲ್ಲಿ ಗದರಿಸುತ್ತಿದ್ದ ಮುದಿ ದಾದಿ ಅವಳ ರೂಪದಲ್ಲಿ ಬಂದಳೆಂದು ಫ್ರಾಯ್ಡ್ ಪುಸ್ತಕದ ಇನ್ನೊಂದೆಡೆ ಸೇರಿಸುತ್ತಾನೆ. ಇಷ್ಟನ್ನು ಓದಿದವರಿಗೆ ಅನಿಸುವುದು, ಇಲ್ಲಿ ನಾಚಿಕೆಗೆ ಕಾರಣ ಮೈಯಲ್ಲ. ಕೆಲಸದವಳ ಬಾಯಿಂದ ಬೈಸಿಕೊಂಡ ಡಾಕ್ಟರ ಮರ್ಯಾದೆ ಎಂದು.

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಫ್ರಾಯ್ಡ್ ಆ ಕಾಲದಲ್ಲಿ ಬರ್ಲಿನ್ನಿನ ವೈದ್ಯಮಿತ್ರ ವಿಲ್ಹೆಲ್ಮ್ ಫ್ಲೀಸನಿಗೆ ಮನಸ್ಸು ಬಿಚ್ಚಿ ಪತ್ರ ಬರೆಯುತ್ತಿದ್ದ. 1897ರ ಮೇ 31ರ ಪತ್ರದಲ್ಲಿ ಇದೇ ಕನಸೆಂದು ತೋರುವ ಕನಸೊಂದಿದೆ. ಅದೇ ಮೆಟ್ಟಿಲು, ಅದೇ ಅರೆಬಟ್ಟೆ, ಅದೇ ಚುರುಕು, ಹಿಂದಿನ ರಾತ್ರಿಯ ಅದೇ ಕಾಲರಿಲ್ಲದ ಪಯಣ. ವ್ಯತ್ಯಾಸ ಎರಡೇ. ಹೆಂಗಸು ಎದುರಿಗೆ ಇಳಿದು ಬರುವುದಿಲ್ಲ, ಹಿಂದಿನಿಂದ ಹತ್ತಿ ಬರುತ್ತಾಳೆ. ಕಾಲು ಅಂಟಿದಾಗ ಆದದ್ದು ಭಯವಲ್ಲ, ಕಾಮದ ಉದ್ರೇಕ ಎಂದು ಫ್ರಾಯ್ಡ್ ನೇರವಾಗಿ ಬರೆದಿದ್ದಾನೆ. ತೋರಿಸಿಕೊಳ್ಳುವ ಬಯಕೆಯನ್ನು ಈಡೇರಿಸಲು ಕನಸು ಕಾಲನ್ನು ಹಿಡಿದಿಟ್ಟಿತು ಎಂಬುದು ಅಲ್ಲಿನ ತೀರ್ಮಾನ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡೆದದ್ದು ತಿಳಿಯುತ್ತದೆ. ಬಯಕೆಯ ಸಿದ್ಧಾಂತ ಪುಸ್ತಕದಲ್ಲಿ ಇದೆ, ಆದರೆ ಎಲ್ಲ ಮನುಷ್ಯರ ಬಗ್ಗೆ ಹೇಳುವ ಪುಟಗಳಲ್ಲಿ. ತನ್ನ ಕನಸಿಗೆ ಬಂದಾಗ ಉದ್ರೇಕದ ಮಾತು ಬಿಟ್ಟುಹೋಗಿ ನಾಚಿಕೆಯೊಂದೇ ಉಳಿದಿದೆ. ಬತ್ತಲೆಯ ಕನಸಿಗೂ ಅಚ್ಚಿಗೆ ಹೋಗುವ ಮುನ್ನ ಬಟ್ಟೆ ತೊಡಿಸಲಾಯಿತು. ಇದನ್ನು ಮೋಸವೆನ್ನುವ ಮುನ್ನ ಒಂದು ಮಾತು ಹೇಳಬೇಕು. ಸ್ವಂತ ಕನಸುಗಳನ್ನು ಹೊರಗಿಟ್ಟರೆ ತನ್ನ ಖಾಸಗಿ ಬದುಕು ಬೇಕಾದುದಕ್ಕಿಂತ ಹೆಚ್ಚು ಬಯಲಾಗುತ್ತದೆ, ಆದ್ದರಿಂದ ಕೆಲವನ್ನು ಬಿಟ್ಟು, ಕೆಲವನ್ನು ಬದಲಿಸಿದ್ದೇನೆ, ಇದರಿಂದ ಉದಾಹರಣೆಗಳ ಬೆಲೆ ತಗ್ಗಿದೆ ಎಂದು ಮೊದಲ ಮುದ್ರಣದ ಮುನ್ನುಡಿಯಲ್ಲಿ ಫ್ರಾಯ್ಡನೇ ಒಪ್ಪಿಕೊಂಡಿದ್ದಾನೆ. ಯಾವುದನ್ನು ಎಂದು ಮಾತ್ರ ಹೇಳಿಲ್ಲ.

ಅದನ್ನು ಹೇಳಿದ್ದು ಪತ್ರಗಳು. ಫ್ಲೀಸ್ 1928ರಲ್ಲಿ ತೀರಿಕೊಂಡ. ಆತನ ಹೆಂಡತಿ ಮುಂದೆ ಪತ್ರಗಳನ್ನು ಬರ್ಲಿನ್ನಿನ ಪುಸ್ತಕ ವ್ಯಾಪಾರಿಗೆ ಮಾರಿದಳು. ಅವು ಫ್ರಾಯ್ಡನ ಕೈಗೆ ಮಾತ್ರ ಸಿಗಕೂಡದು, ಸಿಕ್ಕರೆ ಆತ ಸುಟ್ಟುಹಾಕುತ್ತಾನೆ ಎಂಬ ಅಳುಕು ಆಕೆಗಿತ್ತು. ಅವನ್ನು ಕೊಂಡವಳು ಫ್ರಾಯ್ಡನ ಶಿಷ್ಯೆ, ಫ್ರಾನ್ಸಿನ ರಾಜಕುಮಾರಿ ಮರೀ ಬೊನಪಾರ್ಟ್. ಫ್ರಾಯ್ಡ್ ತಾನು ಅರ್ಧ ಹಣ ಕೊಡುತ್ತೇನೆಂದ. ಈ ಪತ್ರಗಳು ಮುಂದಿನವರ ಕಣ್ಣಿಗೆ ಬೀಳಬಾರದು ಎಂದು ಕೇಳಿಕೊಂಡ. ಆಕೆ ಗುರುವಿನ ಮಾತಿಗೆ ಒಪ್ಪಲಿಲ್ಲ. ವಿಯೆನ್ನಾದ ಬ್ಯಾಂಕೊಂದರಲ್ಲಿದ್ದ ಕಟ್ಟನ್ನು 1938ರಲ್ಲಿ ನಾಜಿ ಪೊಲೀಸರ ಕಣ್ಣೆದುರೇ ಹೊರತಂದಳು. ಮುಂದೆ ಯುದ್ಧಕಾಲದಲ್ಲಿ ಅವು ಇಂಗ್ಲೆಂಡಿಗೆ ಸಮುದ್ರ ದಾಟುವಾಗ ಹಡಗು ಮುಳುಗಿದರೂ ತೇಲಲೆಂದು ನೀರು ಹೋಗದಂತೆ ಸುತ್ತಿದ್ದರು. ಆಯ್ದ ಪತ್ರಗಳು 1950ರಲ್ಲಿ, ಪೂರ್ತಿ ಸಂಗ್ರಹ 1985ರಲ್ಲಿ ಪ್ರಕಟವಾದವು. ಹೀಗೆ, ಎಲ್ಲರೆದುರು ಬಯಲಾಗುವ ಅಂಜಿಕೆಯನ್ನು ವಿವರಿಸಿದವನಿಗೇ ಆ ಅಂಜಿಕೆ ಹಗಲಿನಲ್ಲಿ ನಿಜವಾಗಿ ಕಾಡಿತು.

ಫ್ರಾಯ್ಡನ ವಿವರಣೆಯನ್ನು ಇಂದಿನ ಸಂಶೋಧಕರಲ್ಲಿ ಹೆಚ್ಚಿನವರು ಹಾಗೆಯೇ ಸ್ವೀಕರಿಸುವುದಿಲ್ಲ. ಬಾಲ್ಯದ ಬಯಕೆಯೇ ಇದರ ಮೂಲವೆಂದು ಪರೀಕ್ಷಿಸಿ ತೋರಿಸುವ ದಾರಿಯಿಲ್ಲ. ಕನಸುಗಳು ದಟ್ಟವಾಗಿ ಬೀಳುವ ನಿದ್ದೆಯ ಹಂತವೊಂದನ್ನು 1953ರಲ್ಲಿ ಅಮೆರಿಕದಲ್ಲಿ ಗುರುತಿಸಲಾಯಿತು. ಆ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡಿರುತ್ತವೆಂದು ಅನಂತರ ತಿಳಿಯಿತು. ಕಾಲು ಅಂಟುವ ಅನುಭವಕ್ಕೆ ಇದೇ ಕಾರಣವಿರಬಹುದೆಂದು ಕೆಲವರ ಮತ. ಆದರೆ ಅದೇ ಹಂತದಲ್ಲಿ ಓಡುವ, ಹಾರುವ ಕನಸುಗಳೂ ಬೀಳುವುದರಿಂದ ಅದೊಂದೇ ಸಾಲದು.

ಇನ್ನೊಂದು ಎಚ್ಚರಿಕೆಯೂ ಬೇಕು. 'ಎಂದಾದರೂ ಇಂಥ ಕನಸು ಬಿದ್ದಿದೆಯೇ' ಎಂದು ಕೇಳಿದರೆ ಹೌದೆನ್ನುವವರು ಬಹಳ. ಆದರೆ ಬೆಳಿಗ್ಗೆ ಎದ್ದೊಡನೆ ಬರೆದಿಟ್ಟ ಕನಸಿನ ದಿನಚರಿಗಳನ್ನು ತೆರೆದು ಎಣಿಸಿದರೆ ಅದು ಅಪರೂಪ. ಪದೇ ಪದೇ ಬರುವುದರಿಂದಲ್ಲ, ಒಮ್ಮೆ ಬಂದದ್ದು ಮರೆಯದಿರುವುದರಿಂದಲೇ ಅದು ಎಲ್ಲರ ಕನಸಾಗಿದೆ.

ಹಗಲಿನ ಚಿಂತೆಗಳೇ ಕನಸಿನಲ್ಲಿ ಮುಂದುವರಿಯುತ್ತವೆ ಎಂಬುದು ಅಮೆರಿಕದ ಕ್ಯಾಲ್ವಿನ್ ಹಾಲ್ ಮೊದಲಾದವರು ಸಾವಿರಾರು ಕನಸುಗಳನ್ನು ಕಲೆಹಾಕಿ ಕಂಡುಕೊಂಡ ಮಾತು. ಆ ದೃಷ್ಟಿಯಿಂದ ಫ್ರಾಯ್ಡನ ಮೆಟ್ಟಿಲಿನ ಕನಸಿನಲ್ಲಿ ಇಂದಿಗೂ ನಿಲ್ಲುವುದು ಅದರ ಸಿದ್ಧಾಂತಕ್ಕಿಂತ ಅದರ ವಿವರಗಳು: ಕಳಚಿದ ಕಾಲರು, ಉಗುಳಿದ ಮೆಟ್ಟಿಲು, ಕೊಳೆಯಾದ ರತ್ನಗಂಬಳಿ. ಇಂಥ ಕನಸು ಬಿದ್ದವರು ಶಕುನ ಹುಡುಕುವ ಬದಲು ಹಿಂದಿನ ಒಂದೆರಡು ದಿನಗಳಲ್ಲಿ ಯಾರ ಕಣ್ಣಿಗೆ ಬೀಳಲು ಅಂಜಿದೆವು, ಯಾರ ಮಾತು ಚುಚ್ಚಿತು ಎಂದು ನೆನೆಯುವುದು ಮೇಲು. ಕನಸಿನ ಜನ ನಮ್ಮನ್ನು ನೋಡುವುದಿಲ್ಲವೆಂಬ ಮಾತಂತೂ ಇದ್ದೇ ಇದೆ. ಅಲ್ಲಿ ನೋಡುವವರೂ ನಾವೇ, ನಾಚುವವರೂ ನಾವೇ.